ಸಾಲದ ಆ್ಯಪ್‌ನ ಬೆದರಿಕೆ: ನಲವತ್ತು ಸ್ಕ್ರೀನ್‌ಶಾಟ್‌ಗಳನ್ನು ಒಂದು ಪುಟದ ದೂರಿಗೆ ಇಳಿಸುವುದು ಹೇಗೆ?

ಕಲಬುರಗಿಯಿಂದ ಬಂದ ಪ್ರಶ್ನೆ: "ಆ್ಯಪ್‌ನವರು ಬೆದರಿಸಿದ ಮೆಸೇಜಿನ ಸ್ಕ್ರೀನ್‌ಶಾಟ್ ನಲವತ್ತರ ಮ್ಯಾಲ ಆಗ್ಯಾವ್ರೀ. ಸೈಬರ್ ಸಹಾಯವಾಣಿಗೆ ಏನಂತ ಬರೀಬೇಕು?"

ಸೈಬರ್ ಸಹಾಯವಾಣಿ 1930 ಫೋನ್ ಮಾಡುವ ಸಂಖ್ಯೆ, ಬರೆದು ಕಳಿಸುವ ವಿಳಾಸವಲ್ಲ. ಹಣ ಕಳಕೊಂಡಿದ್ದರೆ ತಡಮಾಡದೆ ಅದಕ್ಕೆ ಕರೆ ಮಾಡಿ. ಬರಹದ ದೂರು ಹೋಗುವುದು cybercrime.gov.in ತಾಣಕ್ಕೆ, ಮತ್ತು ಸೈಬರ್ ಅಪರಾಧ ನೋಡಿಕೊಳ್ಳುವ ನಿಮ್ಮ ಭಾಗದ ಸಿಇಎನ್ ಪೊಲೀಸ್ ಠಾಣೆಗೆ. ಎರಡೂ ಕಡೆ ಒಂದೇ ಪತ್ರ ಸಾಕು.

ಪತ್ರ ಬರೆಯುವ ಮುನ್ನ ಚಿತ್ರಗಳ ದಿನಾಂಕ ನೋಡಿ. ಬಹುಪಾಲು ದೂರು ಸಡಿಲಾಗುವುದು ಇಲ್ಲೇ. ಮೆಸೇಜ್ ಬಂದ ದಿನವೇ ತೆಗೆದ ವಾಟ್ಸಾಪ್ ಚಿತ್ರದಲ್ಲಿ ತಾರೀಕಿನ ಬದಲು "ಇಂದು" ಎಂದಷ್ಟೇ ಇರುತ್ತದೆ, ಮರುದಿನ ತೆಗೆದರೆ "ನಿನ್ನೆ". ಫೈಲಿನ ಹೆಸರಿನಲ್ಲಿರುವ ತಾರೀಕು ಚಿತ್ರ ತೆಗೆದ ದಿನದ್ದು, ಮೆಸೇಜ್ ಬಂದ ದಿನದ್ದಲ್ಲ. ಚಾಟ್ ಇನ್ನೂ ಇದ್ದರೆ ಈಗ ಮತ್ತೆ ತೆರೆದು, ಪೂರ್ತಿ ದಿನಾಂಕದ ಪಟ್ಟಿಯೂ ಮೆಸೇಜೂ ಒಟ್ಟಿಗೆ ಕಾಣುವಂತೆ ಇನ್ನೊಮ್ಮೆ ತೆಗೆಯಿರಿ. ಹಳೆಯದನ್ನು ಅಳಿಸಬೇಡಿ: ಅವರು ಆಮೇಲೆ ಮೆಸೇಜ್ ಡಿಲೀಟ್ ಮಾಡಿದ್ದರೆ ಆ ಹಳೆಯ ಚಿತ್ರವೊಂದೇ ಉಳಿದಿರುತ್ತದೆ. ನಂಬರನ್ನು "ಲೋನ್ ಫ್ರಾಡ್" ಎಂದು ಸೇವ್ ಮಾಡಿದ್ದರೆ ಚಿತ್ರದಲ್ಲಿ ಆ ಹೆಸರೇ ಬರುತ್ತದೆ. ಪ್ರೊಫೈಲ್ ತೆರೆದು ದೇಶದ ಸಂಕೇತ ಸಮೇತ ಪೂರ್ಣ ಸಂಖ್ಯೆ ಕಾಣುವ ಒಂದು ಚಿತ್ರ ಸೇರಿಸಿ.

ಆಮೇಲೆ ಮೆಸೇಜ್ ಬಂದ ಕ್ರಮದಲ್ಲಿ ಚಿತ್ರಗಳಿಗೆ 1, 2, 3 ಎಂದು ಸಂಖ್ಯೆ ಕೊಡಿ. ಹಣದ ಓಡಾಟವನ್ನೂ ಅದೇ ಸಾಲಿನಲ್ಲಿ ಕೂಡಿಸಿ. ನಲವತ್ತನ್ನೂ ವಿವರಿಸಬೇಕಿಲ್ಲ, ಐದಾರು ಮುಖ್ಯ ಚಿತ್ರ ಪತ್ರದಲ್ಲಿ ಬಂದರೆ ಸಾಕು, ಉಳಿದವು ಲಗತ್ತಿನಲ್ಲಿರಲಿ. ಒಂದು ಕಲ್ಪಿತ ಪ್ರಕರಣದ ಪತ್ರ ಹೀಗಿರಬಹುದು:

> ವಿಷಯ: ಸಾಲದ ಆ್ಯಪ್‌ನಿಂದ ಬೆದರಿಕೆ ಮತ್ತು ಹಣ ವಸೂಲಿ, 3ರಿಂದ 11 ನವೆಂಬರ್ 2025
>
> 3-11-2025ರಂದು (ಆ್ಯಪ್‌ನ ಹೆಸರು) ಮೂಲಕ 7 ದಿನಕ್ಕೆ ರೂ. 5,000 ಸಾಲ ಕೇಳಿದೆ. ಖಾತೆಗೆ ಬಂದದ್ದು ರೂ. 3,200 (ಚಿತ್ರ 1). ಆ್ಯಪ್ ನನ್ನ ಫೋನಿನ ಸಂಪರ್ಕ ಪಟ್ಟಿಯ ಅನುಮತಿ ಪಡೆದಿತ್ತು (ಚಿತ್ರ 2).
>
> 8-11-2025 ರಾತ್ರಿ 10:42ಕ್ಕೆ ನಂಬರ್ 'ಅ'ದಿಂದ ಬಂದ ಮೆಸೇಜ್: "ಕಲ್ ಸುಬಹ್ ದಸ್ ಬಜೇ ತಕ್ ಪೈಸಾ ನಹೀಂ ಆಯಾ ತೋ ಫೋಟೋ ಸಬ್ ರಿಶ್ತೇದಾರ್ ಕೋ ಜಾಯೇಗಾ" (ಚಿತ್ರ 3).
>
> ಹೆದರಿ 9-11-2025 ಬೆಳಿಗ್ಗೆ 9:10ಕ್ಕೆ ಅವರು ಕೊಟ್ಟ ಯುಪಿಐ ಐಡಿಗೆ ರೂ. 5,000 ಕಳಿಸಿದೆ (ಚಿತ್ರ 4, ಯುಟಿಆರ್ ಸಂಖ್ಯೆ ಕೆಳಗಿದೆ).
>
> 11-11-2025ರಂದು ನಂಬರ್ 'ಬ'ದಿಂದ ಮತ್ತೆ ರೂ. 5,000 ಕೇಳಿದರು (ಚಿತ್ರ 5). ಅದೇ ಸಂಜೆ ತಿದ್ದಿದ ನನ್ನ ಫೋಟೋ ಮೂವರು ಸಂಬಂಧಿಕರಿಗೆ ಹೋಯಿತು (ಚಿತ್ರ 6ರಿಂದ 8, ಅವರ ಫೋನಿನವು).

ಕೆಳಗೆ 'ಅ', 'ಬ' ಎದುರು ಪೂರ್ಣ ನಂಬರ್, ಯುಪಿಐ ಐಡಿ, ಪಾವತಿಯ ವಿವರದಲ್ಲಿ ಕಾಣುವ 12 ಅಂಕಿಯ ಯುಟಿಆರ್, ನಿಮ್ಮ ಹೆಸರು, ವಿಳಾಸ, ಸಹಿ.

ನಾಳೆ ಬೆಳಿಗ್ಗೆ ಹತ್ತರೊಳಗೆ ಹಣ ಬರದಿದ್ದರೆ ಫೋಟೋ ಎಲ್ಲ ಸಂಬಂಧಿಕರಿಗೆ ಹೋಗುತ್ತದೆ ಎಂಬ ಬೆದರಿಕೆಯ ಮಾತನ್ನು ಅದು ಬಂದ ಹಿಂದಿಯಲ್ಲೇ ಬರೆದದ್ದು ಗಮನಿಸಿ. "ಕೆಟ್ಟದಾಗಿ ಬೈದರು" ಎಂದು ಬರೆದರೆ ಪೊಲೀಸರ ಕೈಗೆ ಏನೂ ಸಿಗುವುದಿಲ್ಲ. ನಾಚಿಕೆಯಿಂದ ಹಾಗೆ ಮೆತ್ತಗೆ ಬರೆಯುವವರೇ ಹೆಚ್ಚು. ದಯವಿಟ್ಟು ಬೇಡ, ಆ ನಾಚಿಕೆ ನಿಮ್ಮದಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೆದರಿಕೆಗೆ 351ನೇ ಕಲಂ, ಹೆದರಿಸಿ ಹಣ ಕಿತ್ತರೆ 308ನೇ ಕಲಂ. ಮೊದಲು ಬೆದರಿಕೆ, ಆಮೇಲೆ ಪಾವತಿ ಎಂಬುದು ತಾಸು-ನಿಮಿಷ ಸಮೇತ ಕಂಡರೆ ಎರಡನೆಯದಕ್ಕೆ ಬಲ ಬರುತ್ತದೆ. ಕಲಂ ಯಾವುದೆಂದು ನೀವು ಬರೆಯಲೇಬೇಕೆಂದಿಲ್ಲ, ಅದು ಠಾಣೆಯ ಕೆಲಸ. ಚಿತ್ರ 2 ಚಿಕ್ಕದೆನಿಸಿದರೂ ಬಿಡಬೇಡಿ. ಸಾಲದ ಆ್ಯಪ್ ಸಂಪರ್ಕ ಪಟ್ಟಿ ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ.

ಆದ್ದರಿಂದ ಆ್ಯಪನ್ನು ಫೋನಿನಿಂದ ತೆಗೆದುಹಾಕುವ ಮುನ್ನ ಅದರ ಹೆಸರು, ಅನುಮತಿಗಳ ಪುಟ, ಸಾಲದ ವಿವರದ ಪುಟ ಇವುಗಳ ಚಿತ್ರ ತೆಗೆದುಕೊಳ್ಳಿ. ತೆಗೆದುಹಾಕಿದ ಮೇಲೂ ಅವರು ಆಗಲೇ ನಕಲು ಮಾಡಿಕೊಂಡ ಪಟ್ಟಿ ಅವರ ಬಳಿಯೇ ಇರುತ್ತದೆ, ಹಾಗಾಗಿ ಮನೆಯವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಚಿತ್ರದ ಮೇಲೆ ಕೆಂಪು ಗೆರೆ ಎಳೆಯಬೇಡಿ, ಅಂಚು ಕತ್ತರಿಸಬೇಡಿ. ಗುರುತು ಬೇಕಿದ್ದರೆ ಮುದ್ರಿಸಿದ ಪ್ರತಿಯ ಮೇಲೆ ಪೆನ್ನಿನಿಂದ ಹಾಕಿ. ಸಂಬಂಧಿಕರು ತಮ್ಮ ಚಿತ್ರವನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಅಕ್ಷರ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲಿ. ಚಾಟನ್ನು ಎಕ್ಸ್‌ಪೋರ್ಟ್ ಮಾಡಿದರೆ ಪ್ರತಿ ಸಾಲಿಗೂ ದಿನಾಂಕ, ಸಮಯ ಇರುವ ಫೈಲ್ ಸಿಗುತ್ತದೆ, ಅದನ್ನೂ ಲಗತ್ತಿಸಿ. ಫೋನನ್ನು ರೀಸೆಟ್ ಮಾಡುವುದು, ಮಾರುವುದು ಬೇಡ. ಪ್ರಕರಣ ಕೋರ್ಟಿಗೆ ಹೋದರೆ ಸ್ಕ್ರೀನ್‌ಶಾಟ್‌ನ ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನ ಪ್ರಮಾಣಪತ್ರ ಕೇಳುತ್ತಾರೆ, ಆಗ ಮೂಲ ಫೋನ್ ಬೇಕಾಗುತ್ತದೆ.

ತಾಣದಲ್ಲಿ ದೂರು ಸಲ್ಲಿಸಿದಾಗ ಸಿಗುವ ಸ್ವೀಕೃತಿ ಸಂಖ್ಯೆಯನ್ನು ಠಾಣೆಗೆ ಕೊಡುವ ಪ್ರತಿಯ ಮೇಲ್ತುದಿಯಲ್ಲಿ ಬರೆಯಿರಿ. ಇನ್ನೊಂದು ಪ್ರತಿಯ ಮೇಲೆ ಠಾಣೆಯ ಮೊಹರು, ತಾರೀಕು ಹಾಕಿಸಿಕೊಂಡು ಮನೆಗೆ ತನ್ನಿ. ಆಮೇಲೆ ಹೊಸ ಬೆದರಿಕೆ ಬಂದರೆ ಚಿತ್ರ 9 ಎಂದು ಮುಂದುವರಿಸಿ, ಅದೇ ಸ್ವೀಕೃತಿ ಸಂಖ್ಯೆ ನಮೂದಿಸಿ ಕೊಡಿ.