ಬೀಗರೂಟದಲ್ಲಿ ಎದ್ದ ಕೂಡಲೇ ಬವಳಿ: ಬಿಪಿ ಮಾತ್ರೆ ಮತ್ತು ಎಣ್ಣೆಯ ಹಳೇ ಕಥೆ

ಮಂಡ್ಯ ಕಡೆ ಬೀಗರೂಟದಲ್ಲಿ ಯಾರಾದರೂ ಬವಳಿ ಬಂದು ಬಿದ್ದರೆ ಸುತ್ತಲಿನವರದು ಒಂದೇ ಮಾತು: 'ಜಾಸ್ತಿ ಆಗದೆ, ಬುಡಿ.' ಆದರೆ ಎಷ್ಟೋ ಸಲ ಬಿದ್ದವರು ಒಂದು ನೈಂಟಿ ಕೂಡ ದಾಟಿರುವುದಿಲ್ಲ. ಬೆಳಿಗ್ಗೆ ತಪ್ಪದೆ ಬಿಪಿ ಮಾತ್ರೆ ನುಂಗಿ ಬಂದಿರುತ್ತಾರೆ.

ಈ ತೊಂದರೆ ಬಿಪಿ ಔಷಧಿಯಷ್ಟೇ ಹಳೆಯದು. 1950ರ ದಶಕದ ಮೊದಲ ಔಷಧಿಗಳು ಒತ್ತಡವನ್ನು ಚೆನ್ನಾಗಿಯೇ ಇಳಿಸುತ್ತಿದ್ದವು, ಆದರೆ ರೋಗಿ ಎದ್ದು ನಿಂತರೆ ತಲೆ ತಿರುಗಿ ಬೀಳುತ್ತಿದ್ದ. 1970ರ ದಶಕದಲ್ಲಿ ಬಂದ ಪ್ರಜೋಸಿನ್‌ನ ಮೊದಲ ಡೋಸಿಗೇ ಕೆಲವರು ಕುಸಿದರು. ಹಾಗಾಗಿ ಮೊದಲ ಮಾತ್ರೆಯನ್ನು ಚಿಕ್ಕ ಡೋಸಿನಲ್ಲಿ, ರಾತ್ರಿ ಮಲಗುವಾಗ ಕೊಡುವ ಪದ್ಧತಿ ಬಂತು. ಆಮೇಲೆ ಬಂದ ಮಾತ್ರೆಗಳು ಇಷ್ಟು ಒರಟಲ್ಲ. ಭಯ ಕಡಿಮೆಯಾಯಿತು. ಜೊತೆಗೆ, ರೋಗಿಯನ್ನು ನಿಲ್ಲಿಸಿ ಬಿಪಿ ನೋಡುವ ಅಭ್ಯಾಸವೂ ಕಡಿಮೆಯಾಯಿತು.

ನಮ್ಮಲ್ಲಿ ಮುಂದಿನ ಬದಲಾವಣೆಗಳು ಹತ್ತಿರ ಹತ್ತಿರವೇ ಆದವು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿಯುವವರು ಅಗ್ಗದ ವಿಸ್ಕಿ, ರಮ್ಮಿಗೆ ಬಂದರು. ಇನ್ನೊಂದು ಕಡೆ, ಎರಡು ಮೂರು ಔಷಧಿ ಸೇರಿಸಿದ ಒಂದೇ ಮಾತ್ರೆ ಹಳ್ಳಿ ಮೆಡಿಕಲ್‌ಗೂ ತಲುಪಿತು. ನುಂಗುವವರಿಗೆ ಅದು ಒಂದು ಮಾತ್ರೆ. ದೇಹಕ್ಕೆ ಮಾತ್ರ ಎರಡು ಮೂರು.

ಒಂದು ಉದಾಹರಣೆ ತಗೊಳ್ಳೋಣ. ಅರವತ್ತು ದಾಟಿದ ಕಬ್ಬು ಬೆಳೆಗಾರರು. ಬೆಳಿಗ್ಗೆ ಟೆಲ್ಮಿಸಾರ್ಟನ್ 40, ಹೈಡ್ರೋಕ್ಲೋರೋಥಯಾಜೈಡ್ 12.5 ಸೇರಿದ ಮಾತ್ರೆ. ಪ್ರಾಸ್ಟೇಟ್ ತೊಂದರೆಗೆ ರಾತ್ರಿ ಟ್ಯಾಮ್ಸುಲೋಸಿನ್. ಏಪ್ರಿಲ್ ಬಿಸಿಲಲ್ಲಿ ಬೀಗರೂಟ. ತೋಟದಲ್ಲಿ ಚಾಪೆ ಮೇಲೆ ಕೂತು ಒಂದು ನೈಂಟಿ ಮುಗಿಸಿದರು, ಮುದ್ದೆ, ಮಟನ್ ಸಾರು ಹೊಟ್ಟೆ ತುಂಬ ಉಂಡರು. ಯಾರೋ ಕರೆದರು ಅಂತ ದಡಕ್ಕನೆ ಎದ್ದರು.

ಯಾರೇ ಎದ್ದು ನಿಂತರೂ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕತ್ತಿನ ರಕ್ತನಾಳದಲ್ಲಿರುವ ಸೂಕ್ಷ್ಮ ನರಗಳು ಅದನ್ನು ತಕ್ಷಣ ಗುರುತಿಸುತ್ತವೆ. ರಕ್ತನಾಳ ಬಿಗಿಯಾಗುತ್ತದೆ, ಎದೆಬಡಿತ ಜೋರಾಗುತ್ತದೆ, ಮಿದುಳಿಗೆ ರಕ್ತ ತಪ್ಪುವುದಿಲ್ಲ. ಇವರಲ್ಲಿ ಆ ಬಿಗಿತವೇ ಬರಲಿಲ್ಲ. ಟೆಲ್ಮಿಸಾರ್ಟನ್ ಮತ್ತು ಟ್ಯಾಮ್ಸುಲೋಸಿನ್ ನಾಳಗಳನ್ನು ಸಡಿಲ ಬಿಟ್ಟಿವೆ. ಇನ್ನೊಂದು ಔಷಧಿ ಉಪ್ಪು, ನೀರನ್ನು ಮೂತ್ರದಲ್ಲಿ ಕಳಿಸಿದೆ. ಮದ್ಯವೂ ಮೂತ್ರ ಹೆಚ್ಚಿಸುತ್ತದೆ, ಬಿಸಿಲಿಗೆ ಬೆವರು ಬೇರೆ. ಉಂಡ ಮೇಲೆ ಕರುಳಿಗೆ ರಕ್ತ ಜಾಸ್ತಿ ಹರಿಯುತ್ತದೆ. ಮದ್ಯದ ಇನ್ನೊಂದು ಕೆಲಸ 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಪಷ್ಟವಾಯಿತು: ಬಿಗಿಯಾಗು ಎಂಬ ನರದ ಆಜ್ಞೆ ಬಂದರೂ ನಾಳ ಬಿಗಿಯಾಗುವುದಿಲ್ಲ. ಅದರಲ್ಲಿ ಭಾಗವಹಿಸಿದವರು ಆರೋಗ್ಯವಂತ ಯುವಕರು. ಅಂದಮೇಲೆ ಮಾತ್ರೆಯಲ್ಲಿರುವವರ ಪಾಡು ಊಹಿಸಬಹುದು, ಅಲ್ವಾ?

ಗೊಂದಲ ಹೆಚ್ಚಾಗುವುದು ಮಾರನೇ ದಿನ. ಹೆಚ್ಚು ಕುಡಿದರೆ ಮೊದಲ ಹನ್ನೆರಡು ಗಂಟೆ ಹೊತ್ತು ಬಿಪಿ ಇಳಿಯುತ್ತದೆ, ಆಮೇಲೆ ಏರುತ್ತದೆ. ರಾತ್ರಿ ಕುಡಿದವರು ಬೆಳಿಗ್ಗೆ ಹತ್ತಕ್ಕೆ ಕ್ಲಿನಿಕ್ಕಿಗೆ ಹೋದಾಗ ಸಿಗುವುದು ಏರಿದ ಅಂಕಿ. 'ಕುಡಿತೀರಾ?' ಎಂದು ಕೇಳುವ ದನಿಯಲ್ಲೇ ಬೈಗುಳ ಇದ್ದರೆ ಉತ್ತರ 'ಇಲ್ಲ ಸಾರ್' ಅಂತಲೇ ಬರುತ್ತದೆ. ಮಾತ್ರೆ 40ರಿಂದ 80 ಆಗುತ್ತದೆ. ಅವತ್ತು ಸಂಜೆ ಮತ್ತೆ ಕುಡಿದರೆ ಇಳಿತ ಇನ್ನೂ ಆಳ. ಒಂದು ಸಲ ಬಿದ್ದವರು ಹೆದರಿ 'ಪಾರ್ಟಿ ದಿನ ಮಾತ್ರೆ ಬೇಡ' ಎಂದು ತಾವೇ ತೀರ್ಮಾನಿಸುತ್ತಾರೆ. ಇದೂ ಅಪಾಯವೇ. ಕ್ಲೋನಿಡಿನ್‌ನಂಥವನ್ನು ಏಕಾಏಕಿ ಬಿಟ್ಟರೆ ಬಿಪಿ ಹಠಾತ್ತನೆ ಏರಿಬಿಡುತ್ತದೆ.

ಇದನ್ನು ಪತ್ತೆ ಮಾಡಲು ದೊಡ್ಡ ಯಂತ್ರ ಬೇಡ. ಐದು ನಿಮಿಷ ಮಲಗಿಸಿ ಒಮ್ಮೆ ಬಿಪಿ ನೋಡಬೇಕು, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ತೊಂದರೆ ಇದೆ ಎಂದರ್ಥ. ಮಲಗಿದಾಗ 138/84 ಇದ್ದದ್ದು ನಿಂತಾಗ 108/70 ಆದರೆ ಇಳಿತ 30. ಕೂರಿಸಿ ಮಾತ್ರ ನೋಡಿದರೆ ಇದು ಕಣ್ಣಿಗೇ ಬೀಳುವುದಿಲ್ಲ. ಹೀಗೆ ನೋಡಿದ ವೈದ್ಯರು ಮಾತ್ರೆಯ ಹೊತ್ತು ಬದಲಿಸಬಹುದು, ನೀರು ಹೊರಗೆ ಕಳಿಸುವ ಔಷಧಿ ತೆಗೆಯಬಹುದು. ಅದಕ್ಕೆ ಕುಡಿಯುವ ವಿಷಯವೂ, ಬೇರೆ ಡಾಕ್ಟರು ಬರೆದ ಪ್ರಾಸ್ಟೇಟ್ ಮಾತ್ರೆಯೂ ಅವರಿಗೆ ಗೊತ್ತಿರಬೇಕು.

ಬಿದ್ದವರನ್ನು ಎತ್ತಿ ಕೂರಿಸುವುದು, ಬಾಯಿಗೆ ನೀರು ಹಾಕುವುದು ನಮ್ಮಲ್ಲಿ ರೂಢಿ. ಎರಡೂ ತಪ್ಪು. ಕೂರಿಸಿದರೆ ಮಿದುಳಿಗೆ ರಕ್ತ ಇನ್ನೂ ಕಡಿಮೆ, ಎಚ್ಚರವಿಲ್ಲದವರಿಗೆ ನೀರು ಶ್ವಾಸಕೋಶಕ್ಕೆ ಹೋಗಬಹುದು. ಮಲಗಿಸಿ, ಕಾಲು ಒಂದಡಿ ಮೇಲೆತ್ತಿ. ಬಿಪಿ ಇಳಿದು ಬಿದ್ದವರಾದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಎಚ್ಚರವಾಗಿ ಸರಿಯಾಗಿ ಮಾತಾಡುತ್ತಾರೆ. ಎಚ್ಚರವಾಗದಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ, ಬಾಯಿ ಸೊಟ್ಟಗಾಗಿದ್ದರೆ, ಎದೆನೋವು ಇದ್ದರೆ ಕುಡಿದಿದ್ದಾರೆ ಅಂತ ಸುಮ್ನೆ ಮಲಗಿಸಬೇಡಿ, 108ಕ್ಕೆ ಕರೆ ಮಾಡಿ. ಆಂಬುಲೆನ್ಸಿನವರ ಕೈಗೆ ಮಾತ್ರೆ ಚೀಟಿಯನ್ನೂ ಕೊಡಿ. ಎಷ್ಟು ಗಂಟೆಗೆ ಎಷ್ಟು ಕುಡಿದರು ಅನ್ನುವುದನ್ನೂ ಮುಚ್ಚಿಡದೆ ಹೇಳಿ.