ಕ್ಲೀನ್ ಪ್ಲೇಟ್: ಸುಕ್ಕುಬಿದ್ದ ಹಸಿರು ಅರಿವೆಯ ಖಾಲಿ ಚಿತ್ರ

ಹಸಿರು ಪರದೆಯ ಮುಂದೆ ಯಾರೂ ಇಲ್ಲದಾಗ, ಅದೇ ಜಾಗದಲ್ಲಿಟ್ಟ ಕ್ಯಾಮೆರಾದಿಂದ ಅದೇ ಬೆಳಕಿನಲ್ಲಿ ತೆಗೆದ ಚಿತ್ರವೇ ಕ್ಲೀನ್ ಪ್ಲೇಟ್. ಪರದೆಯ ಯಾವ ಜಾಗದಲ್ಲಿ ಹಸಿರು ಎಷ್ಟಿದೆ ಎಂಬುದನ್ನು ಅದು ಸಾಫ್ಟ್‌ವೇರ್‌ಗೆ ತಿಳಿಸುತ್ತದೆ.

ಧಾರವಾಡದ ಸಪ್ತಾಪುರದ ಕೋಚಿಂಗ್ ಕ್ಲಾಸೊಂದರಲ್ಲಿ ಪಾಠದ ವಿಡಿಯೊ ಮಾಡುತ್ತಿದ್ದಾರೆ ಎಂದುಕೊಳ್ಳಿ. ಮಡಿಸಿಟ್ಟಿದ್ದ ಅರಿವೆಯನ್ನು ಹಾಗೇ ಹಗ್ಗಕ್ಕೆ ಇಳಿಬಿಟ್ಟಿದ್ದಾರೆ, ಎಡಕ್ಕೆ ಕಿಟಕಿ ಇದೆ. ಚಿತ್ರದ ಪ್ರತಿ ಚುಕ್ಕೆಯ ಬಣ್ಣವನ್ನು 0ಯಿಂದ 255ರವರೆಗಿನ ಮೂರು ಅಂಕಿಗಳಲ್ಲಿ ಅಳೆದರೆ, ಬೆಳಕು ಬಿದ್ದ ಕಡೆ ಕೆಂಪು 90, ಹಸಿರು 190, ನೀಲಿ 80. ಸುಕ್ಕಿನ ನೆರಳಲ್ಲಿ 40, 95, 35. ಹಸಿರನ್ನು ಅಳಿಸಿ ಹಿಂದೆ ಬೇರೆ ಚಿತ್ರ ಕೂಡಿಸುವ ಕೆಲಸಕ್ಕೆ ಕೀಯಿಂಗ್ ಎನ್ನುತ್ತಾರೆ. ಹಸಿರು ಉಳಿದೆರಡರಲ್ಲಿ ದೊಡ್ಡದಕ್ಕಿಂತ ಎಷ್ಟು ಹೆಚ್ಚಿದೆ ಎಂದು ನೋಡುವುದು ಅದರ ಮೂಲ ಲೆಕ್ಕ. ಬೆಳಕಿನ ಕಡೆ ಅದು 100, ನೆರಳಲ್ಲಿ ಬರೀ 55.

ವ್ಯತ್ಯಾಸ ಇಷ್ಟಿದ್ದರೆ ಪೂರ್ತಿ ಅಳಿಸು ಎಂಬ ಮಿತಿಯೊಂದನ್ನು ಸಾಫ್ಟ್‌ವೇರ್‌ಗೆ ಕೊಡುತ್ತೇವೆ. ನೆರಳೂ ಪೂರ್ತಿ ಮಾಯವಾಗಲಿ ಎಂದು ಅದನ್ನು 55ಕ್ಕೆ ಇಳಿಸಿದರೆ ಪೆಟ್ಟು ಬೀಳುವುದು ಕೂದಲಿಗೆ. ಅರ್ಧ ಕಪ್ಪು ಕೂದಲು, ಅರ್ಧ ಬೆಳಗಿದ ಹಸಿರು ಬೆರೆತ ಚುಕ್ಕೆಯಲ್ಲಿ ವ್ಯತ್ಯಾಸ ಸುಮಾರು 47 ಇರುತ್ತದೆ. 47ನ್ನು 55ರಿಂದ ಭಾಗಿಸಿದರೆ 0.85, ಅಂದರೆ ಅರ್ಧ ಉಳಿಯಬೇಕಾದ ಕೂದಲು ಶೇ 85ರಷ್ಟು ಅಳಿಸಿಹೋಯಿತು. ತಲೆಯ ಸುತ್ತ ಕತ್ತರಿಸಿಟ್ಟಂಥ ಅಂಚು ಕಾಣುವುದು ಇದರಿಂದಲೇ. ಕ್ಲೀನ್ ಪ್ಲೇಟ್ ಇದ್ದರೆ ಆ ಚುಕ್ಕೆಯನ್ನು ಅದರ ಹಿಂದಿನ ಹಸಿರಿಗೇ ಹೋಲಿಸುತ್ತೇವೆ. 47ನ್ನು 100ರಿಂದ ಭಾಗಿಸಿದರೆ 0.47, ಕೂದಲು ಉಳಿಯಿತು. ಸುಕ್ಕಿನಲ್ಲಿ 55ಕ್ಕೆ 55, ಆದ್ದರಿಂದ ಅದು ಪೂರ್ತಿ ಹೋಯಿತು.

ತೆಗೆಯುವುದು ಸುಲಭ. ಟ್ರೈಪಾಡ್ ಅಲುಗಬಾರದು. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ, ಮೇಷ್ಟ್ರು ಬರುವ ಮುಂಚೆ 10 ಸೆಕೆಂಡ್ ಖಾಲಿ ಪರದೆ ತೆಗೆಯಿರಿ. ಕಿಟಕಿಯ ಬಿಸಿಲು ಸರಿಯುತ್ತಿದ್ದರೆ ಪಾಠ ಮುಗಿದ ಮೇಲೂ ಒಮ್ಮೆ ತೆಗೆಯಿರಿ. ಫ್ಯಾನ್ ಮಾತ್ರ ಕಡ್ಡಾಯವಾಗಿ ಆರಿಸಿ. ಅರಿವೆ ಒಂದು ಬೆರಳಷ್ಟು ಸರಿದರೂ ಸುಕ್ಕಿನ ಜಾಗ ತಪ್ಪುತ್ತದೆ, ಆಗ ಉಳಿಯುವುದನ್ನು ಬಿಳಿಯಾಗಿ, ಅಳಿಯುವುದನ್ನು ಕಪ್ಪಾಗಿ ತೋರಿಸುವ ಮ್ಯಾಟ್‌ನಲ್ಲಿ ಸುಕ್ಕಿನ ಉದ್ದಕ್ಕೂ ಬೂದು ಗೆರೆ ಕಾಣುತ್ತದೆ. ಆ ಗುರುತು ಕಂಡರೆ ಸ್ಲೈಡರ್ ಎಳೆದಾಡಿ ಪ್ರಯೋಜನವಿಲ್ಲ, ತಪ್ಪು ಪ್ಲೇಟ್‌ನಲ್ಲಿದೆ.

ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ನ ಫ್ಯೂಷನ್ ಪುಟದಲ್ಲಿ ಈ ಚಿತ್ರವನ್ನು ಹಸಿರು ಅಳಿಸುವ Delta Keyer ನೋಡ್‌ನ ಕ್ಲೀನ್ ಪ್ಲೇಟ್ ಇನ್‌ಪುಟ್‌ಗೆ ಜೋಡಿಸಬೇಕು. ಖಾಲಿ ಪರದೆ ತೆಗೆಯಲು ಮರೆತಿದ್ದರೆ Clean Plate ನೋಡ್ ಇದೆ: ಹಸಿರಿನ ಮೇಲೆ ಎಳೆದು ಬಣ್ಣ ಆರಿಸಿ, Erode ಹೆಚ್ಚಿಸಿ ಮನುಷ್ಯನ ಅಂಚು ಬಿಡಿಸಿ, Grow Edges ಹೆಚ್ಚಿಸುತ್ತ ಮನುಷ್ಯನಿದ್ದ ಕಡೆ ಉಳಿದ ತೂತನ್ನು ಸುತ್ತಲಿನ ಹಸಿರಿನಿಂದ ಮುಚ್ಚಿಸಿ. ಆದರೆ ಮನುಷ್ಯನ ಹಿಂದಿನ ಸುಕ್ಕು ಅದಕ್ಕೆ ಕಾಣುವುದಿಲ್ಲ, ಅಲ್ಲಿ ತುಂಬುವುದು ಅಂದಾಜು. ಹೀಗಾಗಿ ತಲೆಯ ಹಿಂದೆ ಬರುವ ಎರಡು ಅಡಿ ಅರಿವೆಯನ್ನಾದರೂ ಇಸ್ತ್ರಿ ಮಾಡಿರುವುದು ಒಳ್ಳೆಯದು.

ಮೇಷ್ಟ್ರ ಸ್ವಂತ ನೆರಳು ಪ್ಲೇಟ್‌ನಲ್ಲಿ ಇರುವುದೇ ಇಲ್ಲ. ಅದನ್ನು ತಪ್ಪಿಸಲು ಅವರು ಪರದೆಯಿಂದ ಐದಾರು ಅಡಿ ಮುಂದೆ ನಿಲ್ಲಬೇಕು.