‘ಮೋರ್ ಬೆಟರ್’ ತಪ್ಪು, ‘ನಿಯರರ್’ ಹೇಗೆ ಸರಿ?

ಬೆಂಗಳೂರಿನಲ್ಲಿ ಯಾರಾದರೂ ‘ಮೋರ್ ಬೆಟರ್’ ಅಂದರೆ ಸಾಕು, ‘ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಮಾತಾಡ್ತಾರೆ’ ಎಂಬ ತೀರ್ಪು ಬರುತ್ತದೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ‘ಅಣ್ಣನಿಗಿಂತ ತಮ್ಮ ಎತ್ತರ’ ಎಂದರೆ ಕನ್ನಡಕ್ಕೆ ಸಾಕು. ಹೋಲಿಕೆಯ ಕೆಲಸವನ್ನೆಲ್ಲ ‘ಇಂತ’ ಮಾಡುತ್ತದೆ, ‘ಎತ್ತರ’ ಇದ್ದಂತೆಯೇ ಇರುತ್ತದೆ. ‘ಬೆಟರ್’ನಲ್ಲೇ ಹೋಲಿಕೆ ಇರುವಾಗ ‘ಮೋರ್’ ಕೂಡ ಸೇರಿಸುವ ಈ ಜೋಡಿ ಗುರುತಿನ ಆರೋಪ ಕನ್ನಡದ ಮೇಲೇಕೆ?

ಆ ಚಾಳಿ ಇಂಗ್ಲಿಷಿನದೇ. ಹಳೆಯ ಇಂಗ್ಲಿಷಿನಲ್ಲಿ ಹೋಲಿಕೆಯ ಗುರುತು ಪದದ ಕೊನೆಗೆ ಅಂಟುತ್ತಿತ್ತು. ಇಂದಿನ ‘ಅರ್’, ‘ಎಸ್ಟ್’ ಅದರ ಮುಂದುವರಿಕೆ. ಪದದ ಮೊದಲು ‘ಮೋರ್’, ‘ಮೋಸ್ಟ್’ ಇಡುವ ರೂಢಿ ಬೆಳೆದ ಮೇಲೆ, ಒತ್ತು ಕೊಡಬೇಕೆನಿಸಿದಾಗ ಜನ ಎರಡನ್ನೂ ಒಟ್ಟಿಗೆ ಬಳಸಿದರು. ಷೇಕ್ಸ್‌ಪಿಯರ್‌ನ ಆಂಟನಿ, ಸೀಸರನಿಗೆ ಬ್ರೂಟಸ್ ಇರಿದ ಗಾಯವನ್ನು ‘ಮೋಸ್ಟ್ ಅನ್‌ಕೈಂಡೆಸ್ಟ್’ ಎನ್ನುತ್ತಾನೆ. 1611ರ ಬೈಬಲ್‌ನಲ್ಲಿ ‘ಮೋಸ್ಟ್ ಸ್ಟ್ರೇಟೆಸ್ಟ್’ ಇದೆ. ಇದಕ್ಕೆ ತಡೆಯೊಡ್ಡಿದವರು 18ನೇ ಶತಮಾನದ ವ್ಯಾಕರಣಕಾರರು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಕೂಡ, ಕೀರ್ತನೆಗಳಲ್ಲಿ ದೇವರಿಗೆ ಹೇಳಿದ ‘ಮೋಸ್ಟ್ ಹೈಯೆಸ್ಟ್’ ಮಾತ್ರ ವಿಷಯಕ್ಕೆ ತಕ್ಕದ್ದಾಗಿದೆ ಎಂದು ಬಿಟ್ಟುಕೊಟ್ಟರು.

ಆದರೆ ಕೆಲವು ಜೋಡಿ ರೂಪಗಳು ಯಾರ ಕಣ್ಣಿಗೂ ಬೀಳದೆ ಉಳಿದಿವೆ. ‘ನಿಯರರ್’ ನೋಡಿ. ಮೂಲ ಪದ ‘ನೈ’, ಅಂದರೆ ಹತ್ತಿರ. ಅದರ ಹೋಲಿಕೆಯ ರೂಪವೇ ‘ನಿಯರ್’, ತುದಿಯ ರೂಪ ‘ನೆಕ್ಸ್ಟ್’. ‘ನೈ’ ಬಳಕೆಯಿಂದ ಜಾರಿತು, ‘ನೆಕ್ಸ್ಟ್’ ‘ಮುಂದಿನದು’ ಎಂಬ ಅರ್ಥಕ್ಕೆ ಹೊರಳಿತು. ಒಂಟಿಯಾದ ‘ನಿಯರ್’ ಜನರ ಕಿವಿಗೆ ಸಾದಾ ‘ಹತ್ತಿರ’ವಾಯಿತು. ಹಾಗಾಗಿ ಅದಕ್ಕೆ ಇನ್ನೊಂದು ‘ಅರ್’ ಸೇರಿತು. ಗೋಡೆಯ ಮೇಲಿನ ಮನೆ ನಂಬರು ಮಾಸಿದಾಗ ಅದರ ಮೇಲೆಯೇ ಮತ್ತೆ ಬರೆಯುತ್ತೇವಲ್ಲ, ಹಾಗೆ.

ಗುರುತು ಕಾಣದಿದ್ದರೆ ಸಾಕೇ? ಸಾಲದು. ‘ವರ್ಸ್’ನಲ್ಲಿ ‘ಅರ್’ ಕೇಳಿಸುವುದಿಲ್ಲ. ಷೇಕ್ಸ್‌ಪಿಯರ್ ‘ವರ್ಸರ್’ ಎಂದೂ ಬರೆದ. ಆದರೆ ‘ಬ್ಯಾಡ್, ವರ್ಸ್, ವರ್ಸ್ಟ್’ ಸರಪಳಿ ಬಾಯಲ್ಲಿ ಜೀವಂತವಾಗಿದೆ, ಆದ್ದರಿಂದ ‘ವರ್ಸರ್’ ಶಿಷ್ಟ ಇಂಗ್ಲಿಷಿನಲ್ಲಿ ನಿಲ್ಲಲಿಲ್ಲ. ‘ಗುಡ್, ಬೆಟರ್, ಬೆಸ್ಟ್’ ಕತೆಯೂ ಅದೇ. ‘ಲೆಸರ್’ ಬದುಕಿದ್ದು ಬೇರೆ ದಾರಿಯಲ್ಲಿ. 1755ರ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಅದನ್ನು ಅನಾಗರಿಕ ಅಪಭ್ರಂಶವೆಂದು ಬೈದರು. ಆದರೂ ಅದು ‘ಲೆಸ್’ ಮಾಡದ ಕೆಲಸ ಹಿಡಿಯಿತು: ‘ಲೆಸರ್ ಈವಿಲ್’ ಎನ್ನುವಲ್ಲಿ ಅಳತೆಯಲ್ಲ, ದರ್ಜೆ. ಅಳತೆಗೆ ಮಾತ್ರ ಇಂದಿಗೂ ‘ಲೆಸ್ ದ್ಯಾನ್’ ಎಂದೇ ಬರೆಯಬೇಕು.

ಸಂಸ್ಕೃತದಲ್ಲೂ ಹೀಗೆಯೇ ಆಗಿದೆ. ‘ಶ್ರೇಷ್ಠ’ದ ‘ಇಷ್ಠ’ ಮತ್ತು ಇಂಗ್ಲಿಷಿನ ‘ಎಸ್ಟ್’ ಒಂದೇ ಮೂಲದವು. ಯಜುರ್ವೇದದ ಆರಂಭದಲ್ಲೇ ಅದಕ್ಕೆ ‘ತಮ’ ಸೇರಿ ‘ಶ್ರೇಷ್ಠತಮ’ವಾಗಿದೆ. ನಾವು ‘ಅತ್ಯಂತ ಶ್ರೇಷ್ಠ’ ಎಂದರೂ ಯಾರೂ ತಿದ್ದುವುದಿಲ್ಲ.

ಇಂದಿನ ಶಿಷ್ಟ ಇಂಗ್ಲಿಷಿನಲ್ಲಿ ಒತ್ತು ಬೇಕಿದ್ದರೆ ‘ಮಚ್ ಬೆಟರ್’, ‘ಫಾರ್ ಬೆಟರ್’ ಎನ್ನಿ. ‘ಮೋರ್ ಓಲ್ಡರ್ ಪೀಪಲ್’ ಕಂಡಾಗ ಮಾತ್ರ ತಿದ್ದುವ ಮೊದಲು ಅರ್ಥ ನೋಡಿ. ‘ವಯಸ್ಸಾದವರು ಇನ್ನೂ ಹೆಚ್ಚು ಮಂದಿ’ ಎಂದು ಹೇಳಹೊರಟಿದ್ದರೆ, ಅಲ್ಲಿನ ‘ಮೋರ್’ ಎಣಿಸುತ್ತಿರುವುದು ಜನರನ್ನು, ವಯಸ್ಸನ್ನಲ್ಲ. ಆ ವಾಕ್ಯ ಸರಿಯಾಗಿಯೇ ಇದೆ.